ಉಪನ್ಯಾಸಕ್ಕೊಂದು ಪ್ರಸ್ತಾವಪತ್ರ

ನಮ್ಮ ಸಭಾಸಂಪ್ರದಾಯದಲ್ಲಿ ಉಪನ್ಯಾಸಕನಾದವನು ಆಹ್ವಾನವನ್ನು ನಿರೀಕ್ಷಿಸತಕ್ಕವನೇ ಹೊರತು ತಾನಾಗಿ ಅವಕಾಶವನ್ನು ಕೋರತಕ್ಕವನಲ್ಲವೆಂಬ ಭಾವನೆ ಬಹುಕಾಲದಿಂದ ನೆಲೆಗೊಂಡಿದೆ. 1915ರಲ್ಲಿ ಬೆಂಗಳೂರಿನಲ್ಲಿ ನೆರೆದ ಮೊದಲನೆಯ ಸಾಹಿತ್ಯ ಸಮ್ಮೇಳನಕ್ಕೆ ಎಚ್.ವಿ. ನಂಜುಂಡಯ್ಯನವರು ಅಧ್ಯಕ್ಷರಾದಂದಿನಿಂದ ಇಂದಿನವರೆಗೂ ಸಾಹಿತ್ಯಸಭೆಗಳಲ್ಲಿ ಈ ರೂಢಿಯೇ ಮುಂದುವರಿದುಬಂದಿದೆ. ವಿದ್ವಾಂಸನ ಮನೆಬಾಗಿಲಿಗೆ ಸಂಘಟಕರು ಹೋಗಬೇಕು, ಫಲತಾಂಬೂಲವಿತ್ತು ಕರೆಯಬೇಕು, ಆತನು ಒಪ್ಪಬೇಕು. ಆದರೆ ಇದರ ಜೊತೆಜೊತೆಗೇ ಇನ್ನೊಂದು ಪದ್ಧತಿಯೂ ನಮ್ಮ ದೇಶದಲ್ಲಿ ಬೆಳೆಯಿತು. 1919ರಲ್ಲಿ ಪುಣೆಯಲ್ಲಿ ಆರಂಭವಾದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದಂಥ ವಿದ್ವತ್ಸಭೆಗಳಲ್ಲಿ, ತಾನು ಮಂಡಿಸಲಿರುವ ಪ್ರಬಂಧದ ಸಾರಾಂಶವನ್ನು ಮುಂಚಿತವಾಗಿ ಕಳುಹಿಸಿ ಸಭೆಯ ಮುಂದೆ ನಿಲ್ಲುವುದು ಯಾವ ವಿದ್ವಾಂಸನ ಗೌರವಕ್ಕೂ ಕುಂದೆನಿಸಲಿಲ್ಲ. ಇಂದು ವೈದ್ಯರು, ಗ್ರಂಥಪಾಲಕರು, ತಂತ್ರಾಂಶ ಎಂಜಿನಿಯರುಗಳು, ಅಧ್ಯಾಪಕರು, ಹೀಗೆ ಎಲ್ಲರ ಸಮ್ಮೇಳನಗಳೂ ಈ ಎರಡನೆಯ ದಾರಿಯಲ್ಲಿಯೇ ನಡೆಯುತ್ತಿವೆ. ಪ್ರಸ್ತಾವಗಳನ್ನು ಆಹ್ವಾನಿಸುವ ಪ್ರಕಟಣೆ ಹೊರಡುತ್ತದೆ, ಕಡೆಯ ದಿನಾಂಕವೊಂದು ಗೊತ್ತಾಗುತ್ತದೆ, ಅಷ್ಟರೊಳಗೆ ಆಸಕ್ತರು ಇ-ಮೇಲಿನ ಮೂಲಕ ತಮ್ಮ ಉಪನ್ಯಾಸದ ಪ್ರಸ್ತಾವವನ್ನು ಕಳುಹಿಸಬೇಕಾಗುತ್ತದೆ.

ಆಹ್ವಾನದ ಸಂಪ್ರದಾಯದಲ್ಲಿ ಬೆಳೆದ ನಮಗೆ ಈ ಪತ್ರವನ್ನು ಬರೆಯುವುದು ಕಷ್ಟವಾಗುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳಬೇಕಾದೀತೆಂಬ ಸಂಕೋಚದಿಂದ ಕೆಲವರು ಸಮ್ಮೇಳನವನ್ನೂ ಸಂಘಟಕರನ್ನೂ ಹೊಗಳಿ ಪತ್ರವನ್ನು ತುಂಬಿಸುತ್ತಾರೆ. ಮತ್ತೆ ಕೆಲವರು ಆ ಸಂಕೋಚವನ್ನು ಹೇಗೋ ದಾಟಿ, ಪದವಿಗಳನ್ನೂ ಪ್ರಶಸ್ತಿಗಳನ್ನೂ ಒಂದರ ಕೆಳಗೊಂದು ಜೋಡಿಸಿ, ಉಪನ್ಯಾಸದ ವಿಷಯಕ್ಕೆ ಒಂದೇ ಸಾಲನ್ನು ಮೀಸಲಿಡುತ್ತಾರೆ. ಇಂಥ ಪತ್ರಗಳನ್ನು ಓದಿ ಆಯ್ಕೆ ಮಾಡುವ ಸಮಿತಿಗಳಲ್ಲಿ ಕುಳಿತವನಾದ್ದರಿಂದ ನಾನು ಹೇಳಬಲ್ಲೆ: ಓದುವವನಿಗೆ ಈ ಎರಡೂ ಉಪಯೋಗಕ್ಕೆ ಬರುವುದಿಲ್ಲ. ಆತನ ಮುಂದೆ ಹತ್ತಾರು ಪ್ರಸ್ತಾವಗಳಿರುತ್ತವೆ. ಪ್ರತಿಯೊಂದಕ್ಕೂ ಆತನು ಕೊಡಬಲ್ಲದ್ದು ಕೆಲವೇ ನಿಮಿಷಗಳು. ಆ ನಿಮಿಷಗಳಲ್ಲಿ ಆತನಿಗೆ ತಿಳಿಯಬೇಕಾದ ಸಂಗತಿಗಳು ಮೂರು. ಈ ಉಪನ್ಯಾಸ ಯಾವುದನ್ನು ಕುರಿತದ್ದು? ಕೇಳಿದವರು ಇದರಿಂದ ಏನನ್ನು ಪಡೆದು ಹೋಗುತ್ತಾರೆ? ಇದನ್ನು ಹೇಳಲು ಈ ವ್ಯಕ್ತಿಗಿರುವ ಆಧಾರವೇನು? ಮೊದಲನೆಯದಕ್ಕೆ ಶೀರ್ಷಿಕೆಯೂ, ಎರಡನೆಯದಕ್ಕೆ ಶ್ರೋತೃಗಳ ಲಾಭವನ್ನು ಹೇಳುವ ವಾಕ್ಯವೂ, ಮೂರನೆಯದಕ್ಕೆ ಉಪನ್ಯಾಸಕನ ಪರಿಚಯವೂ ಉತ್ತರ ಕೊಡಬೇಕು. ಬರೆಯುವಾಗ ಮಾತ್ರ ಈ ಕ್ರಮವನ್ನು ಬದಲಿಸಿ ನಡುವಿನದನ್ನು ಮೊದಲು ಬರೆಯತಕ್ಕದ್ದೆಂದೂ, ಅದೊಂದು ನಿಶ್ಚಿತವಾದರೆ ಉಳಿದೆರಡೂ ಅದರಿಂದಲೇ ಹುಟ್ಟಿಬರುವುವೆಂದೂ ನನ್ನ ನಂಬಿಕೆ. ಆ ನಂಬಿಕೆಯನ್ನು ಒಂದು ಪತ್ರದ ಉದಾಹರಣೆಯಿಂದ ವಿವರಿಸುತ್ತೇನೆ.

ಜಿಲ್ಲಾಕೇಂದ್ರವೊಂದರ ಗ್ರಂಥಾಲಯದಲ್ಲಿ ಕೆಲಸಮಾಡುವ ಗ್ರಂಥಪಾಲಕಿಯೊಬ್ಬರು, ಗ್ರಂಥಪಾಲಕರ ಸಮ್ಮೇಳನಕ್ಕೆ ಕಳುಹಿಸಬೇಕೆಂದಿದ್ದ ಪ್ರಸ್ತಾವವನ್ನು ನನಗೆ ತೋರಿಸಿದರು. ಅದರ ಶೀರ್ಷಿಕೆ ‘ಡಿಜಿಟಲ್ ಯುಗದಲ್ಲಿ ಕನ್ನಡ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂದಿತ್ತು. ಪತ್ರದಲ್ಲಿ ಕನ್ನಡದ ಪ್ರಾಚೀನತೆಯ ಪ್ರಸ್ತಾಪವಿತ್ತು, ತಂತ್ರಜ್ಞಾನದ ವೇಗದ ಪ್ರಸ್ತಾಪವಿತ್ತು, ಭಾಷೆಯನ್ನು ಉಳಿಸುವ ಹೊಣೆ ಎಲ್ಲರದೆಂಬ ಮಾತಿತ್ತು. ಕೊನೆಗೆ ಅವರ ಪದವಿಗಳೂ ಅವರು ಪಾಲ್ಗೊಂಡ ಕಾರ್ಯಾಗಾರಗಳೂ ಇದ್ದವು. ಅದರಲ್ಲಿ ಸುಳ್ಳೆನ್ನಬಹುದಾದ ಒಂದು ಅಕ್ಷರವೂ ಇರಲಿಲ್ಲ. ಆದರೆ ಕನ್ನಡದಲ್ಲಿ ಆಸಕ್ತಿಯುಳ್ಳ ಯಾರು ಬೇಕಾದರೂ ಅದನ್ನು ಬರೆಯಬಹುದಾಗಿತ್ತು. ನಾನು ಕೇಳಿದೆ: “ನಿಮ್ಮ ಮಾತನ್ನು ಕೇಳಿ ಎದ್ದುಹೋದ ಗ್ರಂಥಪಾಲಕರು ಮರುದಿನ ತಮ್ಮ ಕಚೇರಿಯಲ್ಲಿ ಏನು ಮಾಡಬೇಕೆಂದು ನಿಮ್ಮ ಅಪೇಕ್ಷೆ?” ಅವರು ಸ್ವಲ್ಪ ಯೋಚಿಸಿ, “ಸರ್, ಅವರ ಹತ್ತಿರ ಇರುವ ಹಳೆಯ ಕಡತಗಳಲ್ಲಿ ‘ಕನಾರ್ಟಕ’ ಅಂತ ಹುಡುಕಬೇಕು. ಸಿಕ್ಕರೆ ಆ ಕಡತ ಕೆಟ್ಟಿದೆ ಅಂತ ಅರ್ಥ” ಎಂದರು.

ಉಪನ್ಯಾಸ ಅದೇ ಆಗಿತ್ತು. ಪತ್ರದಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ.

ಅವರು ಹೇಳಿದ್ದರ ಹಿನ್ನೆಲೆಯನ್ನು ಓದುಗರು ತಿಳಿಯಬೇಕು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಅಚ್ಚಿಗಾಗಿ ಜೋಡಿಸಿದ ಸಾವಿರಾರು ಕಡತಗಳು ನಮ್ಮ ಮುದ್ರಣಾಲಯಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ಇವೆ. ಆ ಕಡತಗಳಲ್ಲಿ ಸಂಗ್ರಹವಾಗಿರುವುದು ಅಕ್ಷರದ ಆಕಾರದ ತುಂಡುಗಳು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ‘ಕರ್ನಾಟಕ’ ಎಂಬ ಪದ ಹೀಗೆ ಕಾಣುತ್ತದೆ:

```
PÀ£ÁðlPÀ
```

ಇಲ್ಲಿರುವ ಎಂಟು ಚಿಹ್ನೆಗಳಲ್ಲಿ ಮೊದಲಿನ ಎರಡು ಸೇರಿ ‘ಕ’, ಮುಂದಿನ ಎರಡು ಸೇರಿ ‘ನಾ’, ಐದನೆಯದಾದ ð ಎಂಬುದು ಅರ್ಕಾವೊತ್ತು, ಆರನೆಯದು ‘ಟ’, ಕಡೆಯ ಎರಡು ಮತ್ತೆ ‘ಕ’. ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಬರೆದಿರುವುದರಿಂದ ಅರ್ಕಾವೊತ್ತು ‘ನಾ’ ಎಂಬುದರ ನಂತರ ಬಂದಿದೆ. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮವೇ ಪ್ರಮಾಣ. ಅಲ್ಲಿ ಮೊದಲು ‘ಕ’, ಬಳಿಕ ‘ರ’ ಮತ್ತು ಹಲಂತದ ಚಿಹ್ನೆ, ಅನಂತರ ‘ನ’ ಮತ್ತು ಅದರ ದೀರ್ಘ, ಕಡೆಗೆ ‘ಟ’, ‘ಕ’. ಆದ್ದರಿಂದ ಪರಿವರ್ತನೆ ಮಾಡುವ ತಂತ್ರಾಂಶ ಅರ್ಕಾವೊತ್ತನ್ನು ಎತ್ತಿ ಹಿಂದಿನ ಅಕ್ಷರಕ್ಕಿಂತ ಮೊದಲಿಗೆ ತರಬೇಕು. ತಾರದೆ, ð ಇದ್ದ ಸ್ಥಳದಲ್ಲಿಯೇ ‘ರ್’ ಎಂದು ಬರೆದುಬಿಟ್ಟರೆ ಪದವು ‘ಕನಾರ್ಟಕ’ವಾಗುತ್ತದೆ, ‘ವರ್ಷ’ವು ‘ವಷರ್’, ‘ಧರ್ಮ’ವು ‘ಧಮರ್’, ‘ಕಾರ್ಯ’ವು ‘ಕಾಯರ್’ ಆಗುತ್ತವೆ. ವೇಗವಾಗಿ ಓದುವ ಕಣ್ಣು ಇದನ್ನು ತಾನಾಗಿಯೇ ತಿದ್ದಿಕೊಂಡು ಮುಂದೆ ಹೋಗುತ್ತದೆ. ಯಂತ್ರ ತಿದ್ದಿಕೊಳ್ಳುವುದಿಲ್ಲ, ‘ಕರ್ನಾಟಕ’ ಎಂದು ಹುಡುಕಿದ ಸಂಶೋಧಕನಿಗೆ ಆ ಕಡತ ಎಂದೆಂದಿಗೂ ದೊರೆಯುವುದಿಲ್ಲ. ಇನ್ನೂ ದೊಡ್ಡ ತೊಂದರೆಯೊಂದಿದೆ: ಇಂಥ ಕಡತವನ್ನು ಯಾರಾದರೂ ಕೈಯಿಂದ ಅರ್ಧಂಬರ್ಧ ತಿದ್ದಿದ್ದರೆ, ಸರಿಯಾದ ‘ರ್’ ಯಾವುದು, ಸ್ಥಾನ ತಪ್ಪಿದ್ದು ಯಾವುದು ಎಂದು ಯಂತ್ರದಿಂದ ನಿಶ್ಚಯಿಸಲು ಬಾರದೆ, ಮೂಲ ನುಡಿ ಕಡತದಿಂದ ಹೊಸದಾಗಿ ಪರಿವರ್ತಿಸುವುದೊಂದೇ ದಾರಿಯಾಗುತ್ತದೆ. ಮೂಲವನ್ನು ಅಳಿಸಿಬಿಟ್ಟಿದ್ದರೆ ಆ ದಾರಿಯೂ ಮುಚ್ಚಿದಂತೆಯೇ.

ಇಷ್ಟನ್ನು ಅವರು ತಮ್ಮ ಗ್ರಂಥಾಲಯದ ಹಳೆಯ ಸ್ಮರಣಸಂಚಿಕೆಗಳನ್ನು ಯೂನಿಕೋಡಿಗೆ ತರುತ್ತಿದ್ದಾಗ ಕಂಡುಕೊಂಡಿದ್ದರು. ಹಾಗಾದರೆ ಶ್ರೋತೃಗಳಿಗೆ ದೊರೆಯುವುದೇನೆಂಬುದನ್ನು ಮೊದಲು ಬರೆಯೋಣವೆಂದು ನಾವು ಕುಳಿತೆವು. ‘ಶ್ರೋತೃಗಳಲ್ಲಿ ಅರಿವು ಮೂಡುವುದು’ ಎಂದು ಅವರು ಆರಂಭಿಸಿದರು. ಅರಿವು ಮೂಡಿತೋ ಇಲ್ಲವೋ ಎಂಬುದನ್ನು ಯಾರೂ ಪರೀಕ್ಷಿಸಲಾರರು. ಆದ್ದರಿಂದ ಆಯ್ಕೆಗಾರನಿಗೆ ಆ ವಾಕ್ಯದಿಂದ ಏನೂ ತಿಳಿಯುವುದಿಲ್ಲ. ಕೇಳಿದವನು ಮಾಡಬಲ್ಲನೆಂದು ಹೇಳಬಹುದಾದ ಕೆಲಸವೇ ಆ ವಾಕ್ಯದ ಕ್ರಿಯಾಪದವಾಗಿರಬೇಕು: ಪತ್ತೆಹಚ್ಚಬಲ್ಲರು, ಹೋಲಿಸಬಲ್ಲರು, ನಿರ್ಧರಿಸಬಲ್ಲರು. ಅಂಥ ಫಲಗಳು ಎರಡಿದ್ದರೆ ಸಾಕು. ಅರ್ಧಗಂಟೆಯಲ್ಲಿ ಐದನ್ನು ಕೊಡುವೆನೆಂದವನನ್ನು ಅನುಭವಸ್ಥನಾದ ಆಯ್ಕೆಗಾರ ನಂಬುವುದಿಲ್ಲ. ಇದರ ಜೊತೆಗೆ, ಯಾರಿಗಾಗಿ ಈ ಉಪನ್ಯಾಸ ಎಂಬುದನ್ನೂ, ಅವರಿಗೆ ಮುಂಚೆಯೇ ಏನು ತಿಳಿದಿರಬೇಕು ಎಂಬುದನ್ನೂ ಹೇಳಬೇಕು. ತಂತ್ರಾಂಶ ಬರೆಯಲು ಬಲ್ಲವರಿಗೆ ಹೇಳುವ ಮಾತು ಬೇರೆ. ಕಡತ ತೆರೆದು ಪದ ಹುಡುಕಲು ಮಾತ್ರ ಬಲ್ಲವರಿಗೆ ಹೇಳುವ ಮಾತು ಬೇರೆ. ‘ಎಲ್ಲರಿಗೂ ಉಪಯುಕ್ತ’ ಎಂದು ಬರೆದ ಪ್ರಸ್ತಾವವನ್ನು ಯಾವ ಗೋಷ್ಠಿಯಲ್ಲಿ ಇರಿಸಬೇಕೆಂಬುದು ಸಂಘಟಕರಿಗೆ ತೋಚದೆ, ಅದು ಬದಿಗೆ ಸರಿಯುವುದೇ ಹೆಚ್ಚು.

ಫಲ ನಿಶ್ಚಯವಾದ ಮೇಲೆ ಶೀರ್ಷಿಕೆಗೆ ನಾವು ಹೆಚ್ಚು ಶ್ರಮಪಡಲಿಲ್ಲ. ಕಾರ್ಯಕ್ರಮಪಟ್ಟಿಯಲ್ಲಿ ಒಂದೇ ವೇಳೆಗೆ ಎರಡು ಮೂರು ಕೊಠಡಿಗಳಲ್ಲಿ ಗೋಷ್ಠಿಗಳಿರುವಾಗ, ಚಹಾ ಕುಡಿಯುತ್ತ ನಿಂತವನು ಶೀರ್ಷಿಕೆಯೊಂದನ್ನೇ ನೋಡಿ ಯಾವ ಕೊಠಡಿಗೆ ಹೋಗಬೇಕೆಂದು ನಿರ್ಧರಿಸುತ್ತಾನೆ. ವಿವರವನ್ನು ಓದುವ ವ್ಯವಧಾನ ಅವನಿಗಿರುವುದಿಲ್ಲ. ಆದುದರಿಂದ ಶೀರ್ಷಿಕೆಯಲ್ಲಿ ಸಮಸ್ಯೆಯ ಹೆಸರಿರಬೇಕು, ಸಾಧ್ಯವಾದರೆ ಅದನ್ನು ಅನುಭವಿಸಿದವನು ಕೂಡಲೇ ಗುರುತಿಸುವ ಚಿಹ್ನೆಯೂ ಇರಬೇಕು. ಕಾವ್ಯಮಯವಾದ ಶೀರ್ಷಿಕೆಗಳ ಮೇಲೆ ನನಗೆ ಪ್ರೀತಿಯುಂಟು. ಪ್ರಬಂಧಸಂಕಲನಕ್ಕೆ ಅವು ಶೋಭಿಸುತ್ತವೆ. ಸಮ್ಮೇಳನದ ಪಟ್ಟಿಯಲ್ಲಿ ಅವು ಉಪನ್ಯಾಸದ ವಿಷಯವನ್ನೇ ಮರೆಮಾಡುತ್ತವೆ. ಇ-ಮೇಲಿನ ವಿಷಯಸಾಲಿನಲ್ಲಿಯೂ ಇದೇ ಶೀರ್ಷಿಕೆ, ‘ಉಪನ್ಯಾಸದ ಪ್ರಸ್ತಾವ’ ಎಂಬ ಎರಡು ಪದಗಳ ನಂತರ ಬರಬೇಕು. ಫೋನಿನ ಪರದೆಯಲ್ಲಿ ಸಾಲಿನ ಉತ್ತರಾರ್ಧ ತುಂಡಾಗಿ ಹೋಗುವುದರಿಂದ ಮುಖ್ಯ ಪದಗಳು ಮೊದಲೇ ಇರುವುದು ಕ್ಷೇಮ.

ಪರಿಚಯದ ವಿಷಯದಲ್ಲಿ ಅವರಿಗೆ ಬಹಳ ಸಂಶಯವಿತ್ತು. “ನಾನು ಕಂಪ್ಯೂಟರ್ ಓದಿದವಳಲ್ಲ, ಈ ವಿಷಯ ಮಾತಾಡೋಕೆ ನನಗೇನು ಅಧಿಕಾರ ಸರ್?” ಎಂದು ಕೇಳಿದರು. ಅಧಿಕಾರವೆಂಬುದು ಇಲ್ಲಿ ಪದವಿಯಿಂದ ಬರತಕ್ಕದ್ದಲ್ಲ. ಪತ್ರದಲ್ಲಿ ಕೊಟ್ಟ ಭರವಸೆಯನ್ನು ಈ ವ್ಯಕ್ತಿ ನಡೆಸಿಕೊಡಬಲ್ಲರೆಂಬುದಕ್ಕೆ ಸಾಕ್ಷ್ಯವಾಗುವ ಸಂಗತಿಗಳೇ ಪರಿಚಯ. ಮಿಕ್ಕವು ಎಷ್ಟೇ ಘನವಾಗಿದ್ದರೂ ಆ ಪತ್ರದ ಮಟ್ಟಿಗೆ ಅಪ್ರಸ್ತುತ. ಕೆಟ್ಟ ಕಡತಗಳನ್ನು ತಾವೇ ಕೈಯಲ್ಲಿ ಹಿಡಿದು ಸರಿಪಡಿಸಿದವರೆಂಬುದು ಅವರ ಬಲವಾದ ಸಾಕ್ಷ್ಯ. ಅದನ್ನು ಸಹೋದ್ಯೋಗಿಗಳಿಗೆ ಒಮ್ಮೆ ಹೇಳಿಕೊಟ್ಟಿದ್ದರೆಂಬುದು ಮಾತನಾಡಬಲ್ಲರೆಂಬುದಕ್ಕೆ ಸಾಕ್ಷ್ಯ. ಹಿಂದೆ ಮಾತನಾಡಿದ ದೃಶ್ಯಮುದ್ರಿಕೆಯಿದ್ದರೆ ಅದರ ಕೊಂಡಿಯನ್ನು ಕೊಡುವುದು ಒಳ್ಳೆಯದು. ಇಲ್ಲದಿದ್ದರೆ ಇಲ್ಲವೆಂದು ಕ್ಷಮೆ ಕೇಳುವ ಅಗತ್ಯವಿಲ್ಲ. ಪರಿಚಯವನ್ನು ಪ್ರಥಮಪುರುಷದಲ್ಲಿ, ಅಂದರೆ ‘ಇವರು’ ಎಂದು, ಐವತ್ತು ಅರುವತ್ತು ಪದಗಳೊಳಗೆ ಬರೆದುಕೊಟ್ಟರೆ ಸಂಘಟಕರು ಅದನ್ನು ಹಾಗೆಯೇ ಕಾರ್ಯಕ್ರಮಪತ್ರಿಕೆಯಲ್ಲಿ ಅಚ್ಚುಹಾಕಬಲ್ಲರು, ಸಭಾಧ್ಯಕ್ಷರು ಹಾಗೆಯೇ ಓದಬಲ್ಲರು. ಕೆಲವು ಸಮ್ಮೇಳನಗಳಲ್ಲಿ ಮೊದಲ ಸುತ್ತಿನ ಓದಿನಲ್ಲಿ ಹೆಸರುಗಳನ್ನು ಮುಚ್ಚಿಡುವ ಪದ್ಧತಿಯುಂಟು. ಆದ್ದರಿಂದ ಹೆಸರೂ ಪರಿಚಯವೂ ಪತ್ರದಲ್ಲಿ ಪ್ರತ್ಯೇಕ ಭಾಗವಾಗಿದ್ದು, ವಿಷಯವಿವರಣೆ ಅವುಗಳ ಆಸರೆಯಿಲ್ಲದೆ ತಾನೇ ನಿಲ್ಲುವಂತಿರಬೇಕು.

ಹೀಗೆ ಸಿದ್ಧವಾದ ಪತ್ರವನ್ನು ಅವರ ಒಪ್ಪಿಗೆಯಿಂದ, ಹೆಸರುಗಳನ್ನು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

ವಿಷಯ: ಉಪನ್ಯಾಸದ ಪ್ರಸ್ತಾವ – ‘ಕನಾರ್ಟಕ’ ಮತ್ತೆ ‘ಕರ್ನಾಟಕ’ವಾಗುವುದು ಹೇಗೆ? (30 ನಿಮಿಷ)

ಮಾನ್ಯರೇ,

ತಮ್ಮ ಸಮ್ಮೇಳನದ ದಾಖಲೆ ಸಂರಕ್ಷಣೆಯ ಗೋಷ್ಠಿಗಾಗಿ ಈ ಉಪನ್ಯಾಸವನ್ನು ಪ್ರಸ್ತಾಪಿಸುತ್ತಿದ್ದೇನೆ.

ಶೀರ್ಷಿಕೆ: ‘ಕನಾರ್ಟಕ’ ಮತ್ತೆ ‘ಕರ್ನಾಟಕ’ವಾಗುವುದು ಹೇಗೆ? ನುಡಿ ಕಡತಗಳನ್ನು ಯೂನಿಕೋಡಿಗೆ ತರುವಾಗ ತಪ್ಪುವ ಅರ್ಕಾವೊತ್ತು.

ಶ್ರೋತೃಗಳಿಗೆ ದೊರೆಯುವುದು: ಈ ಉಪನ್ಯಾಸವನ್ನು ಕೇಳಿದವರು, ತಮ್ಮಲ್ಲಿರುವ ಪರಿವರ್ತಿತ ಕಡತದಲ್ಲಿ ಅರ್ಕಾವೊತ್ತು ಸ್ಥಾನ ತಪ್ಪಿದೆಯೇ ಎಂಬುದನ್ನು ನಾಲ್ಕೈದು ಪದಗಳನ್ನು ಹುಡುಕಿ ಪತ್ತೆಹಚ್ಚಬಲ್ಲರು, ತಪ್ಪಿದ್ದರೆ, ಅದನ್ನೇ ತಿದ್ದಬೇಕೋ ಮೂಲದಿಂದ ಮತ್ತೆ ಪರಿವರ್ತಿಸಬೇಕೋ ಎಂಬುದನ್ನು ನಿರ್ಧರಿಸಬಲ್ಲರು.

ಯಾರಿಗಾಗಿ: ಹಳೆಯ ಕನ್ನಡ ಕಡತಗಳನ್ನು ಕಾಯುವ ಗ್ರಂಥಪಾಲಕರು ಮತ್ತು ದಾಖಲೆ ಸಂರಕ್ಷಕರು. ಕಡತ ತೆರೆದು ಪದ ಹುಡುಕಲು ಬಂದರೆ ಸಾಕು. ತಂತ್ರಾಂಶ ಬರೆಯುವ ಪರಿಚಯ ಬೇಕಿಲ್ಲ.

ವಿವರಣೆ: ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ‘ರ್’ ಅಕ್ಷರಕ್ಕಿಂತ ಮೊದಲು ಇರುತ್ತದೆ. ಪರಿವರ್ತನೆಯಲ್ಲಿ ಈ ಸ್ಥಾನವನ್ನು ಬದಲಿಸದಿದ್ದರೆ ‘ವರ್ಷ’ ‘ವಷರ್’ ಆಗಿ, ಓದುವವರ ಕಣ್ಣಿಗೆ ಬೀಳದೆ, ಹುಡುಕಾಟಕ್ಕೂ ಸಿಗದೆ ಉಳಿಯುತ್ತದೆ. ನಮ್ಮ ಗ್ರಂಥಾಲಯದ ಸ್ಮರಣಸಂಚಿಕೆಯೊಂದರ ಕಡತವನ್ನು ಸಭೆಯ ಮುಂದೆಯೇ ತೆರೆದು, ದೋಷವನ್ನು ಪತ್ತೆಹಚ್ಚಿ ಸರಿಪಡಿಸಿ ತೋರಿಸುತ್ತೇನೆ.

ಸಮಯವಿಭಾಗ: ದೋಷದ ದರ್ಶನ 5 ನಿಮಿಷ, ಕಾರಣ 8, ಪ್ರಾತ್ಯಕ್ಷಿಕೆ 10, ಪ್ರಶ್ನೋತ್ತರ 7.

ಪರಿಚಯ: ಇವರು ಜಿಲ್ಲಾಕೇಂದ್ರದ ಗ್ರಂಥಾಲಯದಲ್ಲಿ ಗ್ರಂಥಪಾಲಕರು. ಅಲ್ಲಿನ ಹಳೆಯ ಸ್ಮರಣಸಂಚಿಕೆಗಳ ನುಡಿ ಕಡತಗಳನ್ನು ಯೂನಿಕೋಡಿಗೆ ತರುವ ಕೆಲಸವನ್ನು ನಡೆಸುತ್ತಿದ್ದಾರೆ; ಪರಿವರ್ತನೆಯ ದೋಷಗಳನ್ನು ಪತ್ತೆಹಚ್ಚುವ ಕ್ರಮವನ್ನು ಸಹೋದ್ಯೋಗಿಗಳಿಗೆ ಕಲಿಸಿದ್ದಾರೆ.

ಪ್ರಾತ್ಯಕ್ಷಿಕೆಗೆ ಪ್ರೊಜೆಕ್ಟರ್ ಬೇಕಾಗುತ್ತದೆ. ಲ್ಯಾಪ್‌ಟಾಪನ್ನು ನಾನೇ ತರುತ್ತೇನೆ. ಉಪನ್ಯಾಸಕರ ಪ್ರಯಾಣವೆಚ್ಚವನ್ನು ಸಮ್ಮೇಳನ ಭರಿಸುವುದೇ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ವಿಶ್ವಾಸಿ.

ಈ ಪತ್ರದಲ್ಲಿ ಕೆಲವಂಶಗಳನ್ನು ಓದುಗರು ಗಮನಿಸಬೇಕೆಂದು ನನ್ನ ಅಪೇಕ್ಷೆ. ಸಮಯವಿಭಾಗವನ್ನು ಕೊಟ್ಟಿರುವುದು ಅಲಂಕಾರಕ್ಕಲ್ಲ. ಅದನ್ನು ಬರೆಯಹೊರಟಾಗಲೇ ತನ್ನ ವಿಷಯ ಅವಧಿಗೆ ಮೀರಿದ್ದೆಂಬುದು ಎಷ್ಟೋ ಮಂದಿಗೆ ಗೊತ್ತಾಗುತ್ತದೆ. ಅಕ್ಷರಕ್ರಮದ ಇತರ ತೊಡಕುಗಳನ್ನೂ ಸೇರಿಸಬೇಕೆಂದು ಗ್ರಂಥಪಾಲಕಿಯವರ ಮನಸ್ಸಿನಲ್ಲಿತ್ತು. ನುಡಿಯಲ್ಲಿ A ಎಂಬ ಚಿಹ್ನೆ ಒಂಟಿಯಾಗಿದ್ದಾಗ ಅನುಸ್ವಾರವೆನಿಸಿ, AiÀÄ ಎಂಬ ಗುಂಪಿನಲ್ಲಿ ‘ಯ’ಕಾರದ ಭಾಗವಾಗುತ್ತದೆ, ಪರಿವರ್ತಕ ಉದ್ದವಾದ ಗುಂಪನ್ನು ಮೊದಲು ಗುರುತಿಸದಿದ್ದರೆ ಅಲ್ಲಿಯೂ ಪಠ್ಯ ಕೆಡುತ್ತದೆ. ಸಂಗತಿ ರುಚಿಕರವಾದದ್ದೇ. ಆದರೆ ಭರವಸೆಯಿತ್ತ ಎರಡು ಫಲಗಳಲ್ಲಿ ಯಾವುದಕ್ಕೂ ಅದು ಬೇಕಾಗಿರಲಿಲ್ಲವಾದ್ದರಿಂದ, ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿದರೆ ಹೇಳಬಹುದೆಂದು ಹೊರಗಿಟ್ಟೆವು. ಪ್ರಯಾಣವೆಚ್ಚದ ಮಾತನ್ನು ಒಂದೇ ವಾಕ್ಯದಲ್ಲಿ ನೇರವಾಗಿ ಕೇಳಿರುವುದೂ ಸರಿಯಾದದ್ದೇ. ಆಯ್ಕೆಯಾದ ಮೇಲೆ ಅದನ್ನು ಎತ್ತುವುದರಿಂದ ಎರಡು ಕಡೆಯವರಿಗೂ ಮುಜುಗರ.

ಪತ್ರ ಇ-ಮೇಲಿನ ಒಡಲಿನಲ್ಲಿಯೇ ಇರಬೇಕೆಂಬುದು ಇನ್ನೊಂದು ಅಂಶ. ಸಂಘಟಕರು ಬಂದ ಪ್ರಸ್ತಾವಗಳ ಶೀರ್ಷಿಕೆ, ವಿವರಣೆ, ಪರಿಚಯಗಳನ್ನು ಒಂದೊಂದಾಗಿ ನಕಲುಮಾಡಿ ಕೋಷ್ಟಕಕ್ಕೆ ಸೇರಿಸಿಕೊಳ್ಳುತ್ತಾರೆ. ಅಲಂಕೃತವಾದ ಪಿಡಿಎಫ್ ಲಗತ್ತಿನಿಂದ ಕನ್ನಡವನ್ನು ನಕಲುಮಾಡಿದಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗುವುದು ಹೊಸತೇನಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿಯೇ ಟೈಪಿಸಿದ್ದನ್ನು ಇ-ಮೇಲಿಗೆ ಅಂಟಿಸಿದರಂತೂ, ಪತ್ರವಿಡೀ ಮೇಲೆ ತೋರಿಸಿದ PÀ£ÁðlPÀ ಎಂಬಂತೆಯೇ ಸಂಘಟಕರಿಗೆ ತಲುಪುತ್ತದೆ. ಕಳುಹಿಸುವ ಮುನ್ನ ಬೇರೊಂದು ಫೋನಿನಲ್ಲಿರುವ ಸ್ನೇಹಿತರ ವಿಳಾಸಕ್ಕೆ ಕಳುಹಿಸಿ ನೋಡಿದರೆ ಈ ಅಪಾಯ ತಿಳಿದುಬಿಡುತ್ತದೆ. ಕಳುಹಿಸಿದ ನಂತರ, ಫಲಿತಾಂಶ ಪ್ರಕಟಿಸುವೆವೆಂದ ದಿನಾಂಕ ಕಳೆದು ವಾರವಾದರೂ ಉತ್ತರ ಬಾರದಿದ್ದರೆ, ಅದೇ ಇ-ಮೇಲಿಗೆ ಪ್ರತ್ಯುತ್ತರವಾಗಿ ಒಂದು ಸಾಲು ವಿಚಾರಿಸಬಹುದು; ಅದಕ್ಕಿಂತ ಮುಂಚೆ ವಿಚಾರಿಸತಕ್ಕದ್ದಲ್ಲ, ಸಮಿತಿಯ ಪರಿಚಿತ ಸದಸ್ಯರಿಗೆ ದೂರವಾಣಿ ಮಾಡುವುದಂತೂ ಸರ್ವಥಾ ಕೂಡದು.

ಈ ಪ್ರಸ್ತಾವಕ್ಕೆ ಒಪ್ಪಿಗೆ ಬಂತು. ಆದರೆ ಗೋಷ್ಠಿಗಳು ಹೆಚ್ಚಾದ್ದರಿಂದ ಮೂವತ್ತರ ಬದಲು ಇಪ್ಪತ್ತು ನಿಮಿಷಗಳಲ್ಲಿ ಮುಗಿಸಲು ಸಾಧ್ಯವೇ ಎಂದು ಸಂಘಟಕರು ಕೇಳಿದರು. ಶ್ರೋತೃಗಳಿಗೆ ಕೊಟ್ಟ ಮಾತು ಲಿಖಿತವಾಗಿಯೇ ಮುಂದಿದ್ದುದರಿಂದ ಗ್ರಂಥಪಾಲಕಿಯವರಿಗೆ ಯಾವುದನ್ನು ಬಿಡಬೇಕೆಂಬ ಗೊಂದಲವಾಗಲಿಲ್ಲ. ಕಾರಣದ ಎಂಟು ನಿಮಿಷಗಳನ್ನು ನಾಲ್ಕಕ್ಕೆ ಇಳಿಸಿ, ದೋಷದರ್ಶನಕ್ಕೆ ಮೂರು, ಪ್ರಾತ್ಯಕ್ಷಿಕೆಗೆ ಎಂಟು, ಪ್ರಶ್ನೆಗಳಿಗೆ ಐದು ಎಂದು ಹಂಚಿ ಅದೇ ದಿನ ಉತ್ತರ ಬರೆದರು. ‘ಸವಾಲುಗಳು ಮತ್ತು ಸಾಧ್ಯತೆಗಳು’ ಎಂಬ ಮೊದಲಿನ ಪ್ರಸ್ತಾವವೇ ಆಯ್ಕೆಯಾಗಿದ್ದರೆ, ಅದರಲ್ಲಿ ಹತ್ತು ನಿಮಿಷಗಳನ್ನು ಎಲ್ಲಿಂದ ತೆಗೆಯಬೇಕೆಂಬುದನ್ನು ಯಾರಿಂದಲೂ ಹೇಳಲಾಗುತ್ತಿರಲಿಲ್ಲ.

ತಿರಸ್ಕೃತವಾಗುವ ಪ್ರಸ್ತಾವಗಳೇ ಹೆಚ್ಚೆಂಬುದನ್ನೂ ಹೇಳಬೇಕು. ಅದೇ ವಿಷಯದ ಉಪನ್ಯಾಸ ಕಳೆದ ವರ್ಷ ಆಗಿರಬಹುದು, ಗೋಷ್ಠಿಯ ಕೊಠಡಿಗಳು ತುಂಬಿರಬಹುದು. ಪತ್ರ ಚೆನ್ನಾಗಿದ್ದ ಮಾತ್ರಕ್ಕೆ ಇವು ಬದಲಾಗುವುದಿಲ್ಲ. ಅದೇ ಪ್ರಸ್ತಾವವನ್ನು ಬೇರೊಂದು ಸಮ್ಮೇಳನಕ್ಕೆ ಕಳುಹಿಸಲು ಅಡ್ಡಿಯಿಲ್ಲ, ‘ಯಾರಿಗಾಗಿ’ ಎಂಬ ಭಾಗವನ್ನೂ ಫಲದ ವಾಕ್ಯವನ್ನೂ ಆ ಸಭೆಗೆ ತಕ್ಕಂತೆ ಹೊಸದಾಗಿ ಬರೆದರೆ. ತಂತ್ರಾಂಶ ಎಂಜಿನಿಯರುಗಳ ಸಭೆಯಾದರೆ ಪದ ಹುಡುಕುವ ಉಪಾಯಕ್ಕಿಂತ ಅರ್ಕಾವೊತ್ತನ್ನು ಸರಿಯಾದ ಸ್ಥಾನಕ್ಕೆ ತರುವ ನಿಯಮವೇ ಅವರಿಗೆ ಬೇಕಾದದ್ದು.

ಕೊನೆಯದಾಗಿ ನನ್ನ ಮಾತು ಸಮ್ಮೇಳನಗಳನ್ನು ನಡೆಸುವವರಿಗೆ. ತಮ್ಮ ಪ್ರಕಟಣೆಗಳಲ್ಲಿ ‘ಪ್ರಸ್ತಾವ ಕಳುಹಿಸಿ’ ಎಂದಷ್ಟೇ ಬರೆಯದೆ, ಶೀರ್ಷಿಕೆ, ಶ್ರೋತೃಗಳಿಗೆ ದೊರೆಯುವ ಫಲ, ಪರಿಚಯ ಇವು ಮೂರನ್ನೂ ಪದಮಿತಿಯೊಡನೆ ಸ್ಪಷ್ಟವಾಗಿ ಕೇಳಿರಿ. ಕರ್ನಾಟಕದಲ್ಲಿ ನಡೆಯುವ ಸಭೆಯಾದರೆ ಕನ್ನಡದಲ್ಲಿ ಬರೆದ ಪ್ರಸ್ತಾವವನ್ನೂ ಸ್ವೀಕರಿಸುವೆವೆಂದು ಅದೇ ಪ್ರಕಟಣೆಯಲ್ಲಿ ಸೇರಿಸಿರಿ. ಆಯ್ಕೆಯಾಗದವರಿಗೆ ಕಾರಣವನ್ನು ಒಂದು ಸಾಲಿನಲ್ಲಾದರೂ ತಿಳಿಸಿರಿ.